ಅಜೆಂಡಾದ ಆರನೇ ಸಾಲು

ನಮ್ಮಂಥ ಅರೆಕಾಲಿಕ ವರದಿಗಾರರ ಮೊಬೈಲಿಗೆ ದಿನಕ್ಕೆ ಕಡಿಮೆ ಎಂದರೂ ಹತ್ತು ಪ್ರಕಟಣೆ ಬರುತ್ತವೆ. ‘ದಯವಿಟ್ಟು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿ’ ಎಂಬ ಸಾಲು ಎಲ್ಲದರ ಕೊನೆಗೂ ಇರುತ್ತದೆ. ಡೆಸ್ಕಿನವರು ಅದರಲ್ಲಿ ಒಂದನ್ನು ತೆಗೆದುಕೊಂಡರೆ ದೊಡ್ಡದು. ಶಾಸಕರು ಬರುವ ಕಾರ್ಯಕ್ರಮವಾದರೆ ನಾಲ್ಕು ಸಾಲು, ಇಲ್ಲವಾದರೆ ಅದೂ ಇಲ್ಲ. ಹೀಗೆ ಉಳಿದ ಪ್ರಕಟಣೆಗಳನ್ನು ಒಟ್ಟು ಮಾಡಿ, ಒಂದು ಸಂಘದ ಸದಸ್ಯರಿಗಷ್ಟೇ ಒಂದು ಸುದ್ದಿಪತ್ರ ಮಾಡಿಕೊಡಿ ಎಂದು ಕಳೆದ ಡಿಸೆಂಬರಿನಲ್ಲಿ ಒಂದು ಕೆಲಸ ಬಂತು. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಹಳೆಯ ಯುವಕ ಸಂಘ ಅದು. ವಾಲಿಬಾಲ್ ತಂಡ, ಭಜನಾ ಮಂಡಳಿ, ಮಹಿಳಾ ಘಟಕ, ಸಣ್ಣದೊಂದು ವಾಚನಾಲಯ, ರಸ್ತೆಗೆ ಹೊಂದಿದ ಮೈದಾನ, ಇಷ್ಟು ಅದರ ಆಸ್ತಿ. ನಾವಿಬ್ಬರು, ಬೇರೆ ಬೇರೆ ಪತ್ರಿಕೆಗೆ ಬರೆದರೂ ಒಂದೇ ಬೈಕಿನಲ್ಲಿ ತಿರುಗುವವರು, ಒಪ್ಪಿಕೊಂಡೆವು.

ಮೊದಲ ಕೆಲಸ ಹುಡುಕುವುದು. ಸಂಘದ ಸುದ್ದಿ ಒಂದೇ ಕಡೆ ಇರುವುದಿಲ್ಲ. ನಮಗೆ ಸಿಕ್ಕಿದ್ದು ಹೀಗೆ: ಮೂರು ವಾಟ್ಸ್ಯಾಪ್ ಗುಂಪುಗಳಲ್ಲಿ ಸಂದೇಶಗಳು, ವಾಚನಾಲಯದ ಬಾಗಿಲಿಗೆ ಅಂಟಿಸಿದ್ದ ಕೈಬರಹದ ಎರಡು ಚೀಟಿ, ಆಮಂತ್ರಣ ಪತ್ರಿಕೆಯ ಒಂದು ಮಸುಕು ಫೋಟೊ, ಖಜಾಂಚಿಯವರು ಕಳಿಸಿದ್ದ ಎರಡು ನಿಮಿಷದ ಧ್ವನಿಸಂದೇಶ, ಕಾರ್ಯದರ್ಶಿಗಳ ಕಂಪ್ಯೂಟರಿನಲ್ಲಿ ಟೈಪಾಗಿದ್ದ ಸಾಮಾನ್ಯ ಸಭೆಯ ನೋಟಿಸು. ಭಜನಾ ಮಂಡಳಿಯ ಹಿರಿಯರ ಹತ್ತಿರ ಬರಹದಲ್ಲಿ ಏನೂ ಇರಲಿಲ್ಲ. ಎಲ್ಲಾ ಬಾಯಲ್ಲೇ.

ಇವನ್ನೆಲ್ಲ ನೇರವಾಗಿ ಟೈಪ್ ಮಾಡಲು ಕೂತರೆ ಕೆಟ್ಟಿತು. ಡಿಪ್ಲೊಮಾ ತರಗತಿಯಲ್ಲಿ ಕಲಿತ ‘ಯಾರು, ಏನು, ಎಲ್ಲಿ, ಯಾವಾಗ’ ಇಲ್ಲಿ ಕೆಲಸಕ್ಕೆ ಬರುತ್ತದೆ, ಆದರೆ ಅದಕ್ಕೆ ಇನ್ನೆರಡು ಕಲಂ ಸೇರಿಸಬೇಕು: ಯಾರು ಹೇಳಿದರು, ಯಾವ ದಿನ ಹೇಳಿದರು. ನಾವು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೀಗೆ ಆರು ಕಲಂ ಮಾಡಿಕೊಂಡೆವು. ಕೊನೆಯ ಕಲಂ ಏಕೆ ಬೇಕೆಂದರೆ, ವಾಟ್ಸ್ಯಾಪ್ ಸಂದೇಶದಲ್ಲಿ ‘ಬರುವ ಭಾನುವಾರ’ ಎಂದಿರುತ್ತದೆ. ಅದನ್ನು ಬರೆದ ದಿನ ಅದು ಸರಿ. ಫಾರ್ವರ್ಡ್ ಆಗಿ ಐದು ದಿನದ ನಂತರ ಇನ್ನೊಂದು ಗುಂಪಿಗೆ ಬಂದರೆ ಅದೇ ಮಾತು ಬೇರೆ ಭಾನುವಾರವನ್ನು ತೋರಿಸುತ್ತದೆ. ಮೊದಲು ಬರೆದವರು ಯಾವ ದಿನ ಬರೆದರು ಎಂದು ಹಿಂದೆ ಹಿಂದೆ ಹೋಗಿ ಹಿಡಿಯಬೇಕು.

ಸಾಮಾನ್ಯ ಸಭೆಯ ವಿಷಯದಲ್ಲೇ ಹೀಗಾಗಿತ್ತು. ಒಂದು ಗುಂಪಿನಲ್ಲಿ ‘20ರ ಭಾನುವಾರ’ ಎಂದಿತ್ತು. 2025ರ ಡಿಸೆಂಬರ್ 20 ಶನಿವಾರ. ದಿನಾಂಕ ಮತ್ತು ವಾರ ಜಗಳ ಆಡಿದರೆ ಎರಡರಲ್ಲಿ ಒಂದು ಸುಳ್ಳು, ಯಾವುದೆಂದು ಊಹಿಸಬಾರದು. ಭಜನಾ ಮಂಡಳಿಯ ಹಿರಿಯರನ್ನು ಕೇಳಿದಾಗ ಅವರು ಅಂಕಿ ಹೇಳಲೇ ಇಲ್ಲ. “ಎಳ್ಳಮಾಸಿ ಆದ ಮ್ಯಾಲಿನ ಆದಿತ್ಯವಾರ ಐತ್ರಿ ತಮ್ಮಾರ, ಚರಗಾ ಚೆಲ್ಲಿ ಬಂದ ಮ್ಯಾಲೆ ಮಂದಿ ಆರಾಮ್ ಇರ್ತಾರಂತ ಇಟ್ಟೀವಿ” ಎಂದರು. ಕ್ಯಾಲೆಂಡರ್ ನೋಡಿದರೆ ಅದು 21. ಕಾರ್ಯದರ್ಶಿಗಳ ನೋಟಿಸಿನಲ್ಲೂ 21. ಬರೆದಿಟ್ಟ ಎರಡು ಕಡೆಗಳಿಗಿಂತ ಬಾಯಿಮಾತಿನ ಲೆಕ್ಕವೇ ಗಟ್ಟಿ ಸಾಕ್ಷಿಯಾಗಿದ್ದು ನಮಗೆ ಖುಷಿ ಕೊಟ್ಟಿತು. ಸುದ್ದಿಪತ್ರದಲ್ಲಿ ಮಾತ್ರ ಪ್ರತಿಯೊಂದಕ್ಕೂ ದಿನಾಂಕ, ವಾರ ಎರಡನ್ನೂ ಹಾಕಬೇಕು ಎಂದು ಅಂದೇ ತೀರ್ಮಾನಿಸಿದೆವು. ಓದುವವರಿಗೂ ಅದೊಂದು ತಾಳೆ.

ಈಗ ನೋಟಿಸಿನ ಮಾತು. ಅದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿದ್ದ ವರ್ಡ್ ಫೈಲ್. ಕಾರ್ಯದರ್ಶಿಗಳು ಅದನ್ನು ಹಾಗೆಯೇ ಗುಂಪಿಗೆ ಹಾಕಿದ್ದರು. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಚೆಂದದ ಕನ್ನಡ ಕಾಣುತ್ತದೆ. ಮೊಬೈಲಿನಲ್ಲಿ ಆ ಫಾಂಟ್ ಇರುವುದಿಲ್ಲ. ಅಲ್ಲಿ ‘ಕನ್ನಡ’ ಎಂಬ ಪದವೇ PÀ£ÀßqÀ ಎಂದು ಕಾಣುತ್ತದೆ. ಇಡೀ ನೋಟಿಸು ಹೀಗೆ. ಗುಂಪಿನಲ್ಲಿ ಅದರ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಹೆಬ್ಬೆರಳಿನ ಗುರುತು ಬಿದ್ದಿದ್ದವು. ಓದಿದವರು ಒಬ್ಬರೂ ಇರಲಿಲ್ಲ ಎಂದೇ ನಮ್ಮ ಲೆಕ್ಕ.

ಇಂಥ ಫೈಲನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಕೆಲಸ ಒಂದು ನಿಮಿಷದ್ದು. ಆದರೆ ಬದಲಾದ ಮೇಲೆ ಮೂಲವನ್ನು ಪಕ್ಕಕ್ಕಿಟ್ಟುಕೊಂಡು ಓದಲೇಬೇಕು. ‘ಕಾರ್ಯದರ್ಶಿ’, ‘ವರ್ಷ’ದಂಥ ಅರ್ಕಾವತ್ತಿನ ಪದಗಳು, ಅಂಕಿಗಳು, ಆವರಣ ಚಿಹ್ನೆಗಳು, ಇವುಗಳ ಮೇಲೆ ಕಣ್ಣಿರಬೇಕು. ಅಕ್ಷರ ಕೆಟ್ಟರೆ ಓದುಗ ಸರಿಮಾಡಿಕೊಂಡು ಓದುತ್ತಾನೆ, ಅಂಕಿ ಕೆಟ್ಟರೆ ಗೊತ್ತೇ ಆಗುವುದಿಲ್ಲ.

ಹೀಗೆ ಸಾಲು ಸಾಲಾಗಿ ಓದುವಾಗ ಅಜೆಂಡಾದ ಆರನೇ ಸಾಲಿಗೆ ಬಂದೆವು. ‘ಮೈದಾನದ ರಸ್ತೆ ಬದಿಯ ಜಾಗದ ಸದುಪಯೋಗದ ಕುರಿತು ಚರ್ಚಿಸುವುದು.’ ಅದರ ಹಿಂದೆ ಐದನೆಯದು ಹಿಂದಿನ ವರ್ಷದ ಲೆಕ್ಕಪತ್ರ ಮಂಜೂರಾತಿ, ಮುಂದೆ ಏಳನೆಯದು ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯ. ತಾಲ್ಲೂಕು ಪಂಚಾಯಿತಿ, ಪುರಸಭೆ ವರದಿ ಮಾಡಿದ ಯಾರಿಗಾದರೂ ‘ಸದುಪಯೋಗ’ ಎಂಬ ಪದ ಕಂಡರೆ ಕಿವಿ ನಿಮಿರುತ್ತದೆ. ಖಜಾಂಚಿಯವರಿಗೆ ಫೋನ್ ಮಾಡಿ ಕೇಳಿದೆವು. ಅವರು ಏನನ್ನೂ ಮುಚ್ಚಿಡಲಿಲ್ಲ. ರಸ್ತೆಗೆ ಮುಖ ಮಾಡಿ ಆರು ಶಟರ್ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡುವ ಯೋಚನೆ. ಒಂದೊಂದು ಮಳಿಗೆಯ ಆಳ 20 ಅಡಿ. ಸದಸ್ಯತ್ವದ ದುಡ್ಡಿನಲ್ಲಿ ವಾಚನಾಲಯದ ಕರೆಂಟ್ ಬಿಲ್ಲೂ ಆಗುವುದಿಲ್ಲ, ಬಾಡಿಗೆ ಬಂದರೆ ಸಂಘ ಉಳಿಯುತ್ತದೆ ಎಂಬುದು ಅವರ ವಾದ. ಸುಳ್ಳೇನಲ್ಲ ಅದು.

ಮರುದಿನ ಟೇಪು ಹಿಡಿದು ಮೈದಾನಕ್ಕೆ ಹೋದೆವು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಅದರ ಉದ್ದದ ಗೆರೆ ರಸ್ತೆಗೆ ಸಮಾನಾಂತರವಾಗಿ, ಕಾಂಪೌಂಡಿನಿಂದ ನಾಲ್ಕು ಮೀಟರ್ ದೂರದಲ್ಲಿತ್ತು. 20 ಅಡಿ ಎಂದರೆ ಸುಮಾರು ಆರು ಮೀಟರ್. ಅಂದರೆ ಮಳಿಗೆಯ ಹಿಂಗೋಡೆ ಅಂಕಣದೊಳಗೇ ಎರಡು ಮೀಟರ್ ಬರುತ್ತದೆ. ಆಟಕ್ಕೆ ಗೆರೆಯ ಹೊರಗೂ ಕನಿಷ್ಠ ಮೂರು ಮೀಟರ್ ಖಾಲಿ ಬೇಕು. ಅಂಕಣವನ್ನು ಐದು ಮೀಟರ್ ಹಿಂದಕ್ಕೆ ಸರಿಸಬೇಕಾಗುತ್ತದೆ, ಅಲ್ಲಿ ಬೇವಿನ ಮರ ಮತ್ತು ನೀರಿನ ಟ್ಯಾಂಕು. ವಾಲಿಬಾಲ್ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ. ಅವರ ಮೊಬೈಲಿಗೂ PÀ£ÀßqÀ ತಾನೇ ಬಂದದ್ದು.

ಇನ್ನೊಂದು ಮಾತು ಖಜಾಂಚಿಯವರ ಧ್ವನಿಸಂದೇಶದಲ್ಲಿತ್ತು, ಅದೂ ಕೊನೆಯ ಹದಿನೈದು ಸೆಕೆಂಡಿನಲ್ಲಿ. ಮೊದಲೆಲ್ಲ ಕುಶಲ, ಹವಾಮಾನ, ಕಳೆದ ಪಂದ್ಯಾವಳಿಯ ಲೆಕ್ಕ. ಕೊನೆಗೆ, ಸದಸ್ಯತ್ವದ ಬಾಕಿ ಇರುವವರು 18ರ ಗುರುವಾರದೊಳಗೆ ಕಟ್ಟಿದರೆ ಮಾತ್ರ ಸಭೆಯಲ್ಲಿ ಕೈ ಎತ್ತಲು ಅವಕಾಶ. ಇದು ಬೈಲಾದಲ್ಲಿ ಇದೆ, ಬರಹದಲ್ಲಿ ಯಾರಿಗೂ ಹೋಗಿರಲಿಲ್ಲ. ಬಾಕಿ ಇರುವವರಲ್ಲಿ ಹೆಚ್ಚಿನವರು ಯಾರು ಎಂದು ಕೇಳಿದರೆ, ಇನ್ನೂ ಸಂಪಾದನೆ ಇಲ್ಲದ ಆ ವಾಲಿಬಾಲ್ ಹುಡುಗರೇ.

ಆದ್ದರಿಂದ ಮುಖ್ಯ ಸುದ್ದಿ ಯಾವುದು ಎಂದು ನಮಗೆ ಅನುಮಾನ ಇರಲಿಲ್ಲ. ಕಾರ್ಯದರ್ಶಿಗಳಿಗೂ ಇರಲಿಲ್ಲ, ಆದರೆ ಅವರ ಮುಖ್ಯ ಸುದ್ದಿ ಬೇರೆ. ನವೆಂಬರಿನಲ್ಲಿ ಒಬ್ಬ ದಾನಿಗೆ ಸಂಘ ಸನ್ಮಾನ ಮಾಡಿತ್ತು. ಶಾಲು, ಹಾರ, ಫಲಪುಷ್ಪ, ಹದಿನಾಲ್ಕು ಜನ ನಿಂತ ಫೋಟೊ. “ಸನ್ಮಾನ ಮ್ಯಾಲೆ ಬರ್ಬೇಕ್ರಿ ತಮ್ಮಾರ. ಮಳಗಿ ವಿಷಯ ಮ್ಯಾಲೆ ಹಾಕಿದ್ರ ಜಗಳ ಹಚ್ಚಿದಂಗ ಆಕ್ಕೈತಿ” ಎಂದರು.

ನಾವು ಹೇಳಿದ್ದು ಇಷ್ಟು. ಸನ್ಮಾನ ಮುಗಿದಿದೆ, ಓದಿದವರು ಅದಕ್ಕೆ ಏನೂ ಮಾಡಲಾಗದು. ಸಭೆ ಮುಂದಿದೆ, ಓದಿದವರು ಬರಬಹುದು, ಬಾರದೆಯೂ ಇರಬಹುದು. ದಿನಪತ್ರಿಕೆಯಲ್ಲಿ ನಿನ್ನೆ ನಡೆದದ್ದೇ ಮುಖ್ಯ ಸುದ್ದಿಯಾಗುತ್ತದೆ, ಸಂಘದ ಸುದ್ದಿಪತ್ರದಲ್ಲಿ ಇನ್ನೂ ನಡೆಯಬೇಕಾದದ್ದು ಆಗಬೇಕು. “ಸರ್ರ, ವಿಷಯ ನೀವು ಅಜೆಂಡಾದಾಗ ಹಾಕೇ ಹಾಕೀರಿ. ನಾವು ಅದನ್ನ ಓದೂ ಹಂಗ ಬರೀತೀವಿ, ಅಷ್ಟ” ಎಂದೆವು. ಅವರು ಒಂದು ಷರತ್ತು ಹಾಕಿದರು, ಅಚ್ಚಿಗೆ ಹೋಗುವ ಮೊದಲು ತೋರಿಸಬೇಕು. ಅದು ನ್ಯಾಯವೇ. ಇದು ನಮ್ಮ ಪತ್ರಿಕೆಯಲ್ಲ, ಸಂಘದ್ದು. ಅವರ ಖರ್ಚಿನಲ್ಲಿ ಬರುವ ಹಾಳೆಯಲ್ಲಿ ತನಿಖಾ ವರದಿ ಬರೆಯಲು ಹೋದರೆ ಎರಡನೇ ಸಂಚಿಕೆ ಇರುವುದಿಲ್ಲ. ಸಮಿತಿ ಬೇಡವೆಂದಿದ್ದರೆ ನಾವು ಕೆಲಸ ಬಿಡಬಹುದಿತ್ತು, ಅದಕ್ಕಿಂತ ಹೆಚ್ಚಿನ ಅಧಿಕಾರ ನಮಗಿರಲಿಲ್ಲ.

ಬರೆದದ್ದು ಸುಮಾರು 150 ಪದ. ಶೀರ್ಷಿಕೆ: ‘ಮೈದಾನದಲ್ಲಿ ಮಳಿಗೆ: 21ರ ಸಭೆಯಲ್ಲಿ ಚರ್ಚೆ’. ಮೊದಲ ಪ್ಯಾರಾದಲ್ಲಿ ಸಭೆಯ ದಿನ, ಹೊತ್ತು, ಜಾಗ, ಆರನೇ ವಿಷಯ ಏನು ಎಂಬುದು. ಎರಡನೆಯದರಲ್ಲಿ ಖಜಾಂಚಿಯವರ ಮಾತು, ಸಂಘಕ್ಕೆ ಆದಾಯ ಏಕೆ ಬೇಕು ಎಂಬುದು. ಮೂರನೆಯದರಲ್ಲಿ ಟೇಪಿನ ಅಳತೆ, ವಾಲಿಬಾಲ್ ತಂಡದ ನಾಯಕನ ಒಂದು ಸಾಲು. ಕೊನೆಗೆ, 18ರೊಳಗೆ ಬಾಕಿ ಕಟ್ಟಿದವರಿಗೆ ಮಾತ್ರ ಮತ ಎಂಬ ನಿಯಮ. ‘ಕಳವಳ’, ‘ಆಕ್ರೋಶ’, ‘ಮಹತ್ವಾಕಾಂಕ್ಷೆಯ ಯೋಜನೆ’ ಯಾವುದೂ ಇಲ್ಲ. ಖಜಾಂಚಿಯವರಿಗೂ ನಾಯಕನಿಗೂ ಅವರವರ ಮಾತನ್ನು ಓದಿ ಹೇಳಿದೆವು. ಕಾರ್ಯದರ್ಶಿಗಳು ಶೀರ್ಷಿಕೆಯಲ್ಲಿ ‘ಮಳಿಗೆ’ ಬದಲು ‘ಸದುಪಯೋಗ’ ಇರಲಿ ಎಂದು ಸ್ವಲ್ಪ ಹೊತ್ತು ಎಳೆದಾಡಿದರು. ಹಾಗಾದರೆ ಏನು ಸದುಪಯೋಗ ಎಂದು ನೂರು ಜನ ನಿಮಗೇ ಫೋನ್ ಮಾಡುತ್ತಾರೆ ಎಂದಾಗ ಬಿಟ್ಟುಕೊಟ್ಟರು.

ಕಿರುಸುದ್ದಿಗಳಲ್ಲಿ ಹೋರಾಟ ಬೇರೆ ಥರದ್ದು. ಅಲ್ಲಿ ವಿಶೇಷಣ ಕೀಳಬೇಕು, ಬಿಟ್ಟುಹೋದದ್ದನ್ನು ತುಂಬಬೇಕು. ರಕ್ತದಾನ ಶಿಬಿರದ ಸಂದೇಶ ಹೀಗಿತ್ತು: ‘ಆತ್ಮೀಯ ಸದಸ್ಯ ಬಾಂಧವರೇ, ತಮ್ಮೆಲ್ಲರ ಸಹಕಾರದಿಂದ ಎಂದಿನಂತೆ ಈ ಬಾರಿಯೂ ಬೃಹತ್ ರಕ್ತದಾನ ಶಿಬಿರವನ್ನು ಅದ್ದೂರಿಯಾಗಿ ಹಮ್ಮಿಕೊಳ್ಳಲಾಗಿದ್ದು, ತಾವೆಲ್ಲರೂ ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಿ ಯಶಸ್ವಿಗೊಳಿಸಬೇಕಾಗಿ ವಿನಂತಿ.’ ಇಷ್ಟುದ್ದ ಇದ್ದರೂ ಎಲ್ಲಿ, ಎಷ್ಟು ಗಂಟೆಗೆ ಎಂಬುದಿಲ್ಲ. ರಕ್ತದಾನ ಅದ್ದೂರಿಯಾಗಿ ಹೇಗೆ ಆಗುತ್ತದೆ ಎಂಬುದೂ ನಮಗೆ ತಿಳಿಯಲಿಲ್ಲ. ಎರಡು ಫೋನ್ ಮಾಡಿದ ಮೇಲೆ ಅದು ಹೀಗಾಯಿತು: ‘ರಕ್ತದಾನ ಶಿಬಿರ ಡಿ. 28, ಭಾನುವಾರ ಬೆಳಿಗ್ಗೆ 9ರಿಂದ 1ರವರೆಗೆ ವಾಚನಾಲಯದಲ್ಲಿ. ವಯಸ್ಸು 18ರಿಂದ 65, ತೂಕ 45 ಕೆ.ಜಿ.ಗೆ ಕಡಿಮೆ ಇರಬಾರದು. ತಿಂಡಿ ತಿಂದು ಬನ್ನಿ.’ ಸಂದೇಶ ಕಳಿಸಿದವರಿಗೆ ವಯಸ್ಸು, ತೂಕದ ನಿಯಮ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದರು. ಪ್ರಕಟಣೆಗಳಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಇಂಥದೇ, ಬರೆಯುವವರಿಗೆ ತೀರಾ ಚೆನ್ನಾಗಿ ಗೊತ್ತಿರುವ ಸಂಗತಿ.

ಸನ್ಮಾನವೂ ಕಿರುಸುದ್ದಿಯಾಯಿತು, ಫೋಟೊ ಸಮೇತ, ಹಿಂಬದಿಯಲ್ಲಿ. ಹದಿನಾಲ್ಕು ಜನರಲ್ಲಿ ಮಧ್ಯದ ಐವರನ್ನು ಉಳಿಸಿ ಕತ್ತರಿಸಿದೆವು. ಝೆರಾಕ್ಸಿನಲ್ಲಿ ಹದಿನಾಲ್ಕು ಮುಖ ಹದಿನಾಲ್ಕು ಕಪ್ಪು ಚುಕ್ಕೆಯಾಗುತ್ತದೆ ಎಂದು ಒಂದು ಪ್ರತಿ ತೆಗೆದು ತೋರಿಸಿದ ಮೇಲೆ ಯಾರೂ ಮಾತಾಡಲಿಲ್ಲ.

ಮಾಸ್ಟ್‌ಹೆಡ್ ಎಂದರೆ ಹಾಳೆಯ ಮೇಲ್ಪಟ್ಟಿ. ಇದಕ್ಕೆ ಬಂದ ಸಲಹೆಗಳನ್ನೆಲ್ಲ ಹಾಕಿದ್ದರೆ ಅರ್ಧ ಪುಟ ಅದೇ ಆಗುತ್ತಿತ್ತು: ದೇವರ ಚಿತ್ರ, ಅಧ್ಯಕ್ಷರ ಚಿತ್ರ, ದಾನಿಯ ಅಂಗಡಿಯ ಹೆಸರು, ಒಂದು ವಚನ. ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್. ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ಕೊಡಲಾರೆವು ಎಂದೆವು. ‘ಸಂಘದ ಸುದ್ದಿ’ ಎಂದು ದೊಡ್ಡ ಅಕ್ಷರ, ಕೆಳಗೆ ಸಂಘದ ಪೂರ್ಣ ಹೆಸರು, ಊರು. ಅದರ ಕೆಳಗೆ ಒಂದು ಗೆರೆಯಲ್ಲಿ ಸಂಚಿಕೆ 1, ಡಿಸೆಂಬರ್ 2025, ಸದಸ್ಯರಿಗಾಗಿ ಖಾಸಗಿ ಪ್ರಸಾರಕ್ಕೆ ಮಾತ್ರ. ಇದಕ್ಕೆ ನಾವು ಸೇರಿಸಿದ ಒಂದೇ ಒಂದು ಹೊಸದು ‘ಡಿ. 8, ಸೋಮವಾರದವರೆಗೆ ಬಂದ ಮಾಹಿತಿ’ ಎಂಬ ಸಾಲು. ಹಾಳೆ ಮನೆ ಸೇರುವಷ್ಟರಲ್ಲಿ ಏನಾದರೂ ಒಂದು ಬದಲಾಗಿರುತ್ತದೆ. ಯಾವ ದಿನದವರೆಗಿನ ಮಾತು ಎಂದು ಬರೆದಿದ್ದರೆ, ಹೊಸ ಸಂದೇಶ ಮತ್ತು ಹಾಳೆ ಎರಡರಲ್ಲಿ ಯಾವುದನ್ನು ನಂಬಬೇಕು ಎಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ.

ಅಕ್ಷರದ ಬಗ್ಗೆಯೂ ಎರಡು ಮಾತು. ಇಂಗ್ಲಿಷ್ ಸುದ್ದಿಪತ್ರಗಳ ಮಾದರಿ ನೋಡಿ ಎ4 ಪುಟಕ್ಕೆ ಮೂರು ಕಲಂ ಮಾಡುವವರಿದ್ದಾರೆ. ಕನ್ನಡದ ಪದ ಉದ್ದ. ‘ಹಮ್ಮಿಕೊಳ್ಳಲಾಗಿದೆ’ ಎಂಬುದೊಂದೇ ಅರ್ಧ ಸಾಲು ತಿನ್ನುತ್ತದೆ. ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಹಲ್ಲು ಬಿದ್ದ ಬಾಯಿಯಂಥ ಸಂದು ಬೀಳುತ್ತವೆ. ನಾವು ಎರಡೇ ಕಲಂ ಇಟ್ಟು, ಬಲ ಅಂಚನ್ನು ಸಮ ಮಾಡದೆ ಬಿಟ್ಟೆವು. ಅಕ್ಷರ 11 ಪಾಯಿಂಟ್, ಸಾಲಿನಿಂದ ಸಾಲಿಗೆ 16. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು, ಅದಕ್ಕೇ ಇಷ್ಟು ಜಾಗ.

ಕೊನೆಗೆ ಜೋಡಿಸಿದರೂ ಮೊದಲು ಮಾಡಿದ್ದು ದಿನಾಂಕಗಳ ಬಾಕ್ಸ್. ನೋಟ್‌ಬುಕ್ಕಿನ ‘ಯಾವಾಗ’ ಕಲಮಿನಿಂದ ನೇರವಾಗಿ ಅದನ್ನು ತಯಾರಿಸಿ, ಆಮೇಲೆ ಪ್ರತಿ ಸುದ್ದಿಯನ್ನೂ ಆ ಬಾಕ್ಸಿಗೆ ತಾಳೆ ನೋಡಿದೆವು. ಸುದ್ದಿಗಳಿಂದ ದಿನಾಂಕ ಹೆಕ್ಕಿ ಬಾಕ್ಸ್ ಮಾಡಿದರೆ, ಸುದ್ದಿಯ ತಪ್ಪೇ ಬಾಕ್ಸಿಗೂ ಬರುತ್ತದೆ, ಎರಡೂ ಒಂದೇ ಹೇಳುತ್ತವೆ ಎಂದು ನಾವೂ ನಂಬುತ್ತೇವೆ. ಬಾಕ್ಸಿನಲ್ಲಿ ಕಾರ್ಯಕ್ರಮದ ಹೆಸರಿಗಿಂತ ಓದುವವರು ಮಾಡಬೇಕಾದ ಕೆಲಸ ಮುಂದಿರಲಿ ಎಂದು ಹೀಗೆ ಬರೆದೆವು:

ಡಿ. 14, ಭಾನುವಾರ, ಬೆಳಿಗ್ಗೆ 6.30: ವಾಲಿಬಾಲ್ ತಂಡದ ಆಯ್ಕೆ, ಮೈದಾನ
ಡಿ. 18, ಗುರುವಾರ, ಸಂಜೆ 6ರೊಳಗೆ: ಸದಸ್ಯತ್ವ ಬಾಕಿ ಕಟ್ಟಲು ಕೊನೆ, ವಾಚನಾಲಯ
ಡಿ. 21, ಭಾನುವಾರ, ಬೆಳಿಗ್ಗೆ 10.30: ಸಾಮಾನ್ಯ ಸಭೆ, ವಾಚನಾಲಯ
ಡಿ. 22, ಸೋಮವಾರ, ಮಧ್ಯಾಹ್ನ 2: ಹೊಲಿಗೆ ತರಬೇತಿ ಆರಂಭ, ಮಹಿಳಾ ಘಟಕ
ಡಿ. 28, ಭಾನುವಾರ, ಬೆಳಿಗ್ಗೆ 9: ರಕ್ತದಾನ, ವಾಚನಾಲಯ
ಜ. 4, ಭಾನುವಾರದೊಳಗೆ: ಭಜನಾ ಸ್ಪರ್ಧೆಗೆ ಹೆಸರು ಕೊಡಲು ಕೊನೆ

18ರ ಸಾಲನ್ನು ದಪ್ಪಕ್ಷರ ಮಾಡಿದೆವು. ಕೊನೆಯ ದಿನ ಎಂಬುದು ಕಾರ್ಯಕ್ರಮವಲ್ಲವಾದ್ದರಿಂದ ಪ್ರಕಟಣೆಗಳಲ್ಲಿ ಅದು ಕಳೆದುಹೋಗುತ್ತದೆ. ಅಂದು ಮೈಕಿಲ್ಲ, ವೇದಿಕೆ ಇಲ್ಲ. ಆದರೆ 18 ದಾಟಿದರೆ 21ಕ್ಕೆ ಬಂದು ಕೂತವರು ಬರೀ ಪ್ರೇಕ್ಷಕರು.

ಬಾಕ್ಸನ್ನು ಮುಂಬದಿಯ ಕೆಳಗಿನ ಬಲ ಮೂಲೆಯಲ್ಲಿ ಇಟ್ಟೆವು, ಕತ್ತರಿಸಿ ಗೋಡೆಗೆ ಅಂಟಿಸಲು ಅನುಕೂಲ. ಹಾಗೆ ಕತ್ತರಿಸಿದರೆ ಹಿಂಬದಿಯ ಕೆಳಗಿನ ಎಡ ಮೂಲೆ ಹೋಗುತ್ತದೆ. ಮೊದಲ ಜೋಡಣೆಯಲ್ಲಿ ಅಲ್ಲಿ ಸನ್ಮಾನದ ಫೋಟೊ ಬಂದಿತ್ತು. ಕರಡನ್ನು ಬೆಳಕಿಗೆ ಹಿಡಿದು ಅದನ್ನು ಕಂಡವರು ಕಾರ್ಯದರ್ಶಿಗಳೇ. “ತಮ್ಮಾರ, ಬಾಕ್ಸ್ ಕತ್ತರಿಸಿದ್ರ ಅಧ್ಯಕ್ಷರ ಕುತ್ತಿಗಿನೂ ಹೊಕ್ಕೈತಲ್ರಿ!” ಫೋಟೊ ಮೇಲಕ್ಕೆ ಹೋಯಿತು, ಆ ಮೂಲೆಗೆ ಮುಗಿದ ಪಂದ್ಯಗಳ ಫಲಿತಾಂಶ ಬಂತು.

10ರ ಬುಧವಾರ ಸಂಜೆ ಹಿಂದೆ-ಮುಂದೆ ಮುದ್ರಿಸಿದ 140 ಪ್ರತಿ ಝೆರಾಕ್ಸ್ ಅಂಗಡಿಯಿಂದ ತಂದೆವು. ಹಂಚಿದ್ದು ವಾಲಿಬಾಲ್ ಹುಡುಗರು, ಸೈಕಲ್ಲಿನ ಮೇಲೆ. 18ರ ಸಂಜೆ ವಾಚನಾಲಯದಲ್ಲಿ ರಶೀದಿ ಪುಸ್ತಕ ಮುಗಿದು, ಖಜಾಂಚಿಯವರು ಕೊನೆಯ ಕೆಲವರಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರು. 21ರ ಸಭೆ ಮಧ್ಯಾಹ್ನ ಎರಡೂವರೆಗೆ ಮುಗಿಯಿತು. ಮಳಿಗೆ ಬೇಡ ಎಂದೂ ಆಗಲಿಲ್ಲ, ಬೇಕು ಎಂದೂ ಆಗಲಿಲ್ಲ. ಅಂಕಣ ಉಳಿಸಿಕೊಂಡು ಆಳ ಕಡಿಮೆ ಮಾಡಿದರೆ ಎಷ್ಟು ಮಳಿಗೆ ಕೂರುತ್ತವೆ, ಎಷ್ಟು ಬಾಡಿಗೆ ಬರುತ್ತದೆ ಎಂದು ಅಳೆದು ಹೇಳಲು ಐವರ ಉಪಸಮಿತಿ ಮಾಡಿದರು, ಅದರಲ್ಲಿ ವಾಲಿಬಾಲ್ ನಾಯಕನೂ ಇದ್ದಾನೆ. ಟೇಪು ಅವನ ಹತ್ತಿರವೇ ಇದೆ, ನಮಗೆ ಇನ್ನೂ ವಾಪಸ್ ಬಂದಿಲ್ಲ.

ಆ ವಾರ ಬಸ್ ಸ್ಟ್ಯಾಂಡಿನ ಎದುರಿನ ಕಟಿಂಗ್ ಶಾಪಿನ ಕನ್ನಡಿಯ ಪಕ್ಕ ನಮ್ಮ ಬಾಕ್ಸ್ ಅಂಟಿತ್ತು. ಹೊಲಿಗೆ ತರಬೇತಿಯ ‘ಮಧ್ಯಾಹ್ನ 2’ ಹೊಡೆದುಹಾಕಿ ಯಾರೋ ನೀಲಿ ಪೆನ್ನಿನಲ್ಲಿ ‘3’ ಎಂದು ತಿದ್ದಿದ್ದರು. ವಿಚಾರಿಸಿದರೆ ನಿಜ, ಹೊತ್ತು ಬದಲಾಗಿತ್ತು. ನೋಟ್‌ಬುಕ್ ತೆಗೆದು, ಜನವರಿ ಸಂಚಿಕೆಯ ಪುಟದಲ್ಲಿ ಅದನ್ನು ಮೊದಲ ಸಾಲಾಗಿ ಬರೆದುಕೊಂಡೆವು. ‘ಯಾರು ಹೇಳಿದರು’ ಕಲಮಿನಲ್ಲಿ ಕಟಿಂಗ್ ಶಾಪಿನ ಗೋಡೆ.